ಮಂಜೂರು, ನಾಮಂಜೂರು, ಮಾಹಿತಿ ಸಾಲದು

ಒಂದು ಬ್ಯಾಂಕು ಸಾಲಕ್ಕೆ ನಾಲ್ಕು ಷರತ್ತು ಹಾಕಿದೆ ಎಂದುಕೊಳ್ಳಿ. ಅರ್ಜಿ ಹಾಕಿದವರು ಮೂರನ್ನು ಪೂರೈಸಿದ್ದಾರೆ. ನಾಲ್ಕನೆಯದರ ಬಗ್ಗೆ ಅರ್ಜಿಯಲ್ಲಿ ಒಂದಕ್ಷರವೂ ಇಲ್ಲ. ಈಗ ಏನು ಮಾಡಬೇಕು? 'ಬರೆದಿಲ್ಲ ಅಂದಮೇಲೆ ಇಲ್ಲ ಅಂತಲೇ ಲೆಕ್ಕ, ಅರ್ಜಿ ತಿರಸ್ಕರಿಸಿ' ಎನ್ನುತ್ತಾರೆ ಕೆಲವರು. 'ಮೂರು ಸರಿ ಇದ್ದಾವಲ್ಲ, ನಾಲ್ಕನೆಯದೂ ಸರಿ ಇದ್ದೀತು, ಮಂಜೂರು ಮಾಡಿ' ಎನ್ನುತ್ತಾರೆ ಇನ್ನು ಕೆಲವರು. ಎರಡೂ ತಪ್ಪು. ಇಂದಿನ ನನ್ನ ಮಾತು ಈ ತಪ್ಪಿನ ಸುತ್ತಲೇ ಸುತ್ತುತ್ತದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯಿಂದ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಈ ಮಾತನ್ನು ಕೇಳುತ್ತಿರಬಹುದು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ನಮ್ಮ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ ತಿಂಗಳಲ್ಲಿ ಬಳ್ಳಾರಿಯ ಬ್ಯಾಂಕಿನ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹೆಸರು ಬದಲಾದರೂ ಬ್ಯಾಂಕಿನ ಕೆಲಸಕ್ಕೆ ಬೇಕಾದ ಓದು ಬದಲಾಗಿಲ್ಲ. ಆ ಓದಿನಲ್ಲಿ ತಾರ್ಕಿಕ ಪ್ರಶ್ನೆಗಳ ಒಂದು ಬಗೆ ಇದೆ. ಮೊದಲು ಷರತ್ತುಗಳ ಪಟ್ಟಿ ಕೊಡುತ್ತಾರೆ. ಆಮೇಲೆ ಒಬ್ಬೊಬ್ಬ ಅರ್ಜಿದಾರರ ವಿವರ ಕೊಡುತ್ತಾರೆ. ಪ್ರತಿ ಅರ್ಜಿಗೂ ಏನು ತೀರ್ಮಾನ ಎಂದು ನೀವು ಹೇಳಬೇಕು.

ಕೈಗೆ ಸಿಗುವ ಹಾಗಿದ್ದರೆ ಒಂದು ಪೆನ್ಸಿಲು, ಒಂದು ಹಾಳೆ ತೆಗೆದುಕೊಳ್ಳಿ. ನಾನೇ ಕಟ್ಟಿದ ಒಂದು ಪ್ರಶ್ನೆಯನ್ನು ನಿಧಾನವಾಗಿ ಹೇಳುತ್ತೇನೆ. ಇದು ಪರೀಕ್ಷೆಯ ಮಾದರಿ. ಯಾವ ಬ್ಯಾಂಕಿನ ನಿಜವಾದ ನಿಯಮವೂ ಅಲ್ಲ.

ಖಾರಪುಡಿ ಗಿರಣಿ ಹಾಕಲು ಒಂದು ಬ್ಯಾಂಕು ಸಾಲ ಕೊಡುತ್ತದೆ. ಮೊದಲ ಷರತ್ತು ವಯಸ್ಸಿನದು. 2025ರ ಜನವರಿ 1ಕ್ಕೆ 21 ವರ್ಷ ತುಂಬಿರಬೇಕು, 45 ವರ್ಷ ಮೀರಿರಬಾರದು. ಎರಡನೆಯದು ಅನುಭವದ್ದು. ಮೆಣಸಿನಕಾಯಿ ವ್ಯಾಪಾರದಲ್ಲಾಗಲಿ, ಗಿರಣಿಯಲ್ಲಾಗಲಿ ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು. ಮೂರನೆಯದು ಸ್ವಂತ ಹಣ. ಒಟ್ಟು ವೆಚ್ಚದಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಅರ್ಜಿದಾರರೇ ಹಾಕಬೇಕು. ನಾಲ್ಕನೆಯದು ಹಳೆಯ ಸಾಲ. ಎಲ್ಲಿಯೂ ಸುಸ್ತಿ ಬಾಕಿ ಇರಬಾರದು.

ಇಷ್ಟೇ ಆಗಿದ್ದರೆ ಪ್ರಶ್ನೆ ಸುಲಭವಾಗಿರುತ್ತಿತ್ತು. ಬ್ಯಾಂಕು ಎರಡು ವಿನಾಯಿತಿಗಳನ್ನೂ ಸೇರಿಸಿದೆ. ಅನುಭವ ಒಂದನ್ನು ಬಿಟ್ಟು ಉಳಿದೆಲ್ಲ ಷರತ್ತು ಪೂರೈಸಿದ್ದು, ಆಹಾರ ಸಂಸ್ಕರಣೆಯ ತರಬೇತಿ ಪ್ರಮಾಣಪತ್ರ ಇದ್ದರೆ ಅರ್ಜಿ ಶಾಖಾ ವ್ಯವಸ್ಥಾಪಕರಿಗೆ ಹೋಗಬೇಕು. ಸ್ವಂತ ಹಣ ಒಂದನ್ನು ಬಿಟ್ಟು ಉಳಿದೆಲ್ಲ ಪೂರೈಸಿದ್ದರೆ ಇನ್ನೊಂದು ದಾರಿ. ಸ್ವಂತ ಹಣ ಶೇಕಡಾ 10ಕ್ಕೆ ಕಡಿಮೆ ಇರಬಾರದು, ಕೇಳಿದ ಸಾಲದ ಎರಡರಷ್ಟು ಬೆಲೆಯ ಆಸ್ತಿಯನ್ನು ಅಡವಿಡಬೇಕು. ಆಗ ಅರ್ಜಿ ಪ್ರಾದೇಶಿಕ ಕಚೇರಿಗೆ ಹೋಗುತ್ತದೆ.

ಇನ್ನೊಮ್ಮೆ ಹೇಳುತ್ತೇನೆ. ಷರತ್ತು ನಾಲ್ಕು: ವಯಸ್ಸು, ಅನುಭವ, ಸ್ವಂತ ಹಣ, ಸುಸ್ತಿ. ಅನುಭವಕ್ಕೂ ಸ್ವಂತ ಹಣಕ್ಕೂ ವಿನಾಯಿತಿ ಇದೆ. ವಯಸ್ಸಿಗೂ ಸುಸ್ತಿಗೂ ಇಲ್ಲ. ಉತ್ತರ ಐದರಲ್ಲಿ ಒಂದು. ಮಂಜೂರು, ನಾಮಂಜೂರು, ಶಾಖಾ ವ್ಯವಸ್ಥಾಪಕರಿಗೆ, ಪ್ರಾದೇಶಿಕ ಕಚೇರಿಗೆ, ಇಲ್ಲವೇ ಮಾಹಿತಿ ಸಾಲದು.

ಹಾಳೆಯ ಮೇಲೆ ನಾಲ್ಕು ಕಂಬಗಳ ಚೌಕಟ್ಟು ಹಾಕಿಕೊಳ್ಳಿ. ಪ್ರತಿ ಅರ್ಜಿಗೆ ಒಂದು ಸಾಲು. ಷರತ್ತು ಪೂರೈಸಿದ್ದರೆ ಸರಿ ಗುರುತು, ಪೂರೈಸದಿದ್ದರೆ ತಪ್ಪು ಗುರುತು. ಅರ್ಜಿ ಏನೂ ಹೇಳದಿದ್ದರೆ ಪ್ರಶ್ನೆಯ ಗುರುತು. ಈ ಮೂರನೆಯ ಗುರುತು ಹಾಕಲು ಬಹಳ ಜನರಿಗೆ ಕೈ ಬರುವುದಿಲ್ಲ.

ಮೊದಲ ಅರ್ಜಿ ಬ್ಯಾಡಗಿಯದು. ಅರ್ಜಿದಾರರು ಹುಟ್ಟಿದ್ದು 1979ರ ಡಿಸೆಂಬರ್ 28. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ 12 ವರ್ಷ ಕೆಲಸ ಮಾಡಿದವರು. ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ದೂರದಿಂದಲೇ ಹೇಳಬಲ್ಲರು. ಸ್ವಂತ ಹಣ ಶೇಕಡಾ 25. ಸುಸ್ತಿ ಇಲ್ಲ. ಇಂಥವರಿಗಲ್ಲದೆ ಇನ್ಯಾರಿಗೆ ಸಾಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ದಿನಾಂಕ ನೋಡಿ. 2024ರ ಡಿಸೆಂಬರ್ 28ಕ್ಕೆ ಅವರಿಗೆ 45 ತುಂಬಿತು. ಜನವರಿ 1ಕ್ಕೆ 45 ವರ್ಷದ ಮೇಲೆ 4 ದಿನ. ಮೀರಿರಬಾರದು ಎಂಬ ಗೆರೆಯನ್ನು ದಾಟಿಯಾಯಿತು. ವಯಸ್ಸಿಗೆ ವಿನಾಯಿತಿ ಇಲ್ಲ. ಅರ್ಜಿ ನಾಮಂಜೂರು. ಅವರ 12 ವರ್ಷದ ಅನುಭವ ವಯಸ್ಸಿನ ಕಂಬಕ್ಕೆ ನೆರವಾಗುವುದಿಲ್ಲ. ಒಂದು ಕಂಬದಲ್ಲಿ ಹೆಚ್ಚಿರುವುದನ್ನು ತೆಗೆದು ಇನ್ನೊಂದರಲ್ಲಿ ತುಂಬಲು ಈ ಪ್ರಶ್ನೆಗಳಲ್ಲಿ ಅವಕಾಶ ಇಲ್ಲ.

ವಯಸ್ಸನ್ನು ಪ್ರತಿ ಸಾರಿ ಲೆಕ್ಕ ಹಾಕುತ್ತ ಕೂತರೆ ಪರೀಕ್ಷೆಯಲ್ಲಿ ಹೊತ್ತು ಹೋಗುತ್ತದೆ. ಷರತ್ತು ಓದಿದ ಕೂಡಲೇ ಅದನ್ನು ಹುಟ್ಟಿದ ದಿನಾಂಕಕ್ಕೆ ತಿರುಗಿಸಿ ಬರೆದುಕೊಳ್ಳಿ. ನಮ್ಮ ಪ್ರಶ್ನೆಯಲ್ಲಿ 1980ರ ಜನವರಿ 1ರಿಂದ 2004ರ ಜನವರಿ 1ರ ಒಳಗೆ ಹುಟ್ಟಿದವರು ಸರಿ. ಆ ಎರಡೂ ದಿನ ಹುಟ್ಟಿದವರೂ ಸರಿ. ಅದರಾಚೆ ತಪ್ಪು. ಬ್ಯಾಡಗಿಯವರು 4 ದಿನ ಮೊದಲೇ ಹುಟ್ಟಿದ್ದಾರೆ ಎಂಬುದು ಕಣ್ಣಿಗೆ ಬೀಳಲು ಒಂದು ಕ್ಷಣ ಸಾಕು.

ಈ ಗೆರೆಯನ್ನು ಎಲ್ಲರೂ ಒಂದೇ ಜಾಗದಲ್ಲಿ ಎಳೆಯುವುದಿಲ್ಲ. ಬ್ಯಾಂಕ್ ಪ್ರೊಬೇಷನರಿ ಅಧಿಕಾರಿಗಳ ನೇಮಕಾತಿಗೆ ಐಬಿಪಿಎಸ್ 2025ರಲ್ಲಿ ಕೊಟ್ಟ ಪ್ರಕಟಣೆ ನೋಡಿ. ಜುಲೈ 1ಕ್ಕೆ 20ರಿಂದ 30 ವರ್ಷ ಎಂದಿತ್ತು. ಜೊತೆಗೆ 1995ರ ಜುಲೈ 2ಕ್ಕಿಂತ ಮೊದಲು ಹುಟ್ಟಿರಬಾರದು ಎಂದೂ ಇತ್ತು. ಅಂದರೆ ಅದೇ ದಿನ ಸರಿಯಾಗಿ 30 ತುಂಬುವವರು ಹೊರಗೆ. ನನ್ನ ಪ್ರಶ್ನೆಯಲ್ಲಿ ಗಡಿಯ ದಿನ ಹುಟ್ಟಿದವರು ಒಳಗೆ, ಅಲ್ಲಿ ಹೊರಗೆ. ದಿನಾಂಕವನ್ನೇ ಕೊಟ್ಟಿದ್ದರೆ ವರ್ಷದ ಲೆಕ್ಕ ಬಿಟ್ಟು ಆ ದಿನಾಂಕವನ್ನೇ ಹಿಡಿಯಿರಿ. ನಿಮ್ಮದೇ ನೌಕರಿಯ ಅರ್ಜಿಗೂ ಈ ಮಾತು ಸಲ್ಲುತ್ತದೆ.

ಬ್ಯಾಡಗಿಯ ಅರ್ಜಿ ಮುಗಿಯಿತು. ವಿನಾಯಿತಿ ಇಲ್ಲದ ಕಂಬದಲ್ಲಿ ಒಂದು ತಪ್ಪು ಗುರುತು ಬಿದ್ದರೆ ಸಾಕು, ಮುಂದೆ ಓದುವ ಕೆಲಸವೇ ಇಲ್ಲ. ಈಗ ವಿನಾಯಿತಿ ಇರುವ ಕಂಬಕ್ಕೆ ಬರೋಣ.

ಎರಡನೆಯ ಅರ್ಜಿ ರಾಣೆಬೆನ್ನೂರಿನ ಒಬ್ಬ ಹೆಣ್ಣುಮಗಳದು. ವಯಸ್ಸು 34. ಅಲ್ಲಿಯ ತರಕಾರಿ ಬೀಜದ ಕಂಪನಿಯೊಂದರಲ್ಲಿ 6 ವರ್ಷ ದುಡಿದವರು. ಗಿರಣಿಗೆ ಒಟ್ಟು 10 ಲಕ್ಷ ವೆಚ್ಚ, ಅದರಲ್ಲಿ 2 ಲಕ್ಷ ತಾವೇ ಹಾಕುತ್ತಾರೆ. ಸುಸ್ತಿ ಇಲ್ಲ. ಆಹಾರ ಸಂಸ್ಕರಣೆಯ ತರಬೇತಿ ಪ್ರಮಾಣಪತ್ರ ಇದೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಬೀಜದ ಕಂಪನಿಯ 6 ವರ್ಷವನ್ನು ಅನುಭವ ಎಂದು ಎಣಿಸಿ ಮಂಜೂರು ಮಾಡಿಬಿಡುವುದು ಮೊದಲನೆಯದು. ಷರತ್ತು ಕೇಳಿದ್ದು ಮೆಣಸಿನಕಾಯಿ ವ್ಯಾಪಾರ ಇಲ್ಲವೇ ಗಿರಣಿ. ಬೀಜದ ಕೆಲಸ ಎಷ್ಟೇ ವರ್ಷ ಮಾಡಿದರೂ ಆ ಕಂಬದಲ್ಲಿ ತಪ್ಪು ಗುರುತೇ. ಎರಡನೆಯದು ಸ್ವಂತ ಹಣ. 10 ಲಕ್ಷಕ್ಕೆ 2 ಲಕ್ಷ ಎಂದರೆ ಸರಿಯಾಗಿ ಶೇಕಡಾ 20. ಕನಿಷ್ಠ 20 ಎಂದ ಮೇಲೆ 20 ಇದ್ದವರು ಒಳಗೇ ಇದ್ದಾರೆ. ಹಾಗಾಗಿ ತಪ್ಪು ಗುರುತು ಬಿದ್ದದ್ದು ಅನುಭವದಲ್ಲಿ ಮಾತ್ರ. ಅದಕ್ಕೆ ವಿನಾಯಿತಿ ಇದೆ, ವಿನಾಯಿತಿ ಕೇಳುವ ಪ್ರಮಾಣಪತ್ರವೂ ಇದೆ. ಅರ್ಜಿ ಶಾಖಾ ವ್ಯವಸ್ಥಾಪಕರಿಗೆ ಹೋಗುತ್ತದೆ.

ಮೂರನೆಯದು ಹಾವೇರಿ ಪಟ್ಟಣದ ಅರ್ಜಿ. ವಯಸ್ಸು 30, ಗಿರಣಿಯಲ್ಲಿ 5 ವರ್ಷದ ಅನುಭವ, ಸುಸ್ತಿ ಇಲ್ಲ. ವೆಚ್ಚ 10 ಲಕ್ಷ. ಸ್ವಂತ ಹಣ 1 ಲಕ್ಷ 20 ಸಾವಿರ. ಅಡವಿಡಲು 17 ಲಕ್ಷ ಬೆಲೆಯ ನಿವೇಶನ ಇದೆ.

ಸ್ವಂತ ಹಣ ಶೇಕಡಾ 12. ಮೂರನೆಯ ಕಂಬದಲ್ಲಿ ತಪ್ಪು ಗುರುತು. ಆದರೆ 10ಕ್ಕಿಂತ ಹೆಚ್ಚಿದೆ, ಆದ್ದರಿಂದ ವಿನಾಯಿತಿಯ ಮೊದಲ ಅರ್ಧ ದಾಟಿದರು. ಇನ್ನು ಆಸ್ತಿ. ಎರಡರಷ್ಟು ಎಂದರೆ ಯಾವುದರ ಎರಡರಷ್ಟು? ಒಟ್ಟು ವೆಚ್ಚದ್ದಲ್ಲ, ಸಾಲದ್ದು. 10 ಲಕ್ಷದಲ್ಲಿ ಸ್ವಂತ ಹಣ ಕಳೆದರೆ ಸಾಲ 8 ಲಕ್ಷ 80 ಸಾವಿರ. ಅದರ ಎರಡರಷ್ಟು 17 ಲಕ್ಷ 60 ಸಾವಿರ. ನಿವೇಶನ 17 ಲಕ್ಷದ್ದು. 60 ಸಾವಿರ ಕಡಿಮೆ ಬಿತ್ತು. ಇಲ್ಲಿಗೆ ವಿನಾಯಿತಿಯೂ ಮುರಿಯಿತು. ಅರ್ಜಿ ನಾಮಂಜೂರು. ವಿನಾಯಿತಿಯೂ ತನ್ನದೇ ಷರತ್ತುಗಳಿರುವ ಒಂದು ನಿಯಮ. ಅದರ ಹೆಸರು ಕೇಳಿದ ಕೂಡಲೇ ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸಿಬಿಡುವವರು ಈ ಲೆಕ್ಕವನ್ನು ಮಾಡಿಯೇ ಇರುವುದಿಲ್ಲ.

ಇಲ್ಲಿಯವರೆಗೆ ಮೂರು ಅರ್ಜಿ ನೋಡಿದೆವು. ಬ್ಯಾಡಗಿ ನಾಮಂಜೂರು, ರಾಣೆಬೆನ್ನೂರು ಶಾಖಾ ವ್ಯವಸ್ಥಾಪಕರಿಗೆ, ಹಾವೇರಿ ನಾಮಂಜೂರು. ಮೂರರಲ್ಲಿಯೂ ಬೇಕಾದ ಮಾಹಿತಿ ಎಲ್ಲ ಇತ್ತು. ಈಗ ಮಾಹಿತಿ ಇಲ್ಲದ ಅರ್ಜಿಗೆ ಬರುತ್ತೇನೆ. ಮೊದಲಿಗೆ ಹೇಳಿದ ಆ ತಪ್ಪು ಆಗುವುದು ಇಲ್ಲಿಯೇ.

ಇದು ಮೋಟೆಬೆನ್ನೂರಿನ ಅರ್ಜಿ. ವಯಸ್ಸು 27. ಮೆಣಸಿನಕಾಯಿ ವ್ಯಾಪಾರದಲ್ಲಿ 4 ವರ್ಷ. ಸ್ವಂತ ಹಣ ಶೇಕಡಾ 22. ಕೋಲ್ಡ್ ಸ್ಟೋರೇಜಿನಲ್ಲಿ ಸ್ವಂತದ ಮಾಲು ಇದೆ, ಊರಲ್ಲಿ ಒಳ್ಳೆಯ ಹೆಸರಿದೆ. ಸುಸ್ತಿ ಇದೆಯೋ ಇಲ್ಲವೋ, ಅರ್ಜಿ ಹೇಳಿಲ್ಲ.

ಮೂರು ಸರಿ ಗುರುತು, ಒಂದು ಪ್ರಶ್ನೆಯ ಗುರುತು. ಒಳ್ಳೆಯ ಹೆಸರಿದ್ದವರು ಸುಸ್ತಿದಾರರಾಗಿರಲಾರರು ಎಂದು ನಾವೇ ಊಹಿಸಿದರೆ ಮಂಜೂರು ಎಂದು ಬರೆಯುತ್ತೇವೆ. ಬೇಬಾಕಿ ಪತ್ರ ಕೊಟ್ಟಿಲ್ಲ, ಅಂದರೆ ಬಾಕಿ ಇರಲೇಬೇಕು ಎಂದು ಊಹಿಸಿದರೆ ನಾಮಂಜೂರು ಎಂದು ಬರೆಯುತ್ತೇವೆ. ಕೊಟ್ಟದ್ದರ ಆಚೆ ಏನನ್ನೂ ಊಹಿಸಬಾರದು ಎಂಬುದು ಈ ಬಗೆಯ ಪ್ರಶ್ನೆಗಳ ಮೂಲ ಕಟ್ಟಳೆ. ಸುಸ್ತಿ ಇಲ್ಲದಿದ್ದರೆ ಈ ಅರ್ಜಿ ಮಂಜೂರು, ಇದ್ದರೆ ನಾಮಂಜೂರು. ಆ ಒಂದು ಸಂಗತಿಯ ಮೇಲೆ ತೀರ್ಮಾನ ಎರಡು ಕಡೆಗೂ ತಿರುಗಬಲ್ಲದು. ಅದಕ್ಕೇ ಉತ್ತರ, ಮಾಹಿತಿ ಸಾಲದು.

ಈಗ ಅದೇ ಅರ್ಜಿಯಲ್ಲಿ ಒಂದೇ ಒಂದು ಅಂಕಿ ಬದಲಿಸೋಣ. ಸ್ವಂತ ಹಣ ಶೇಕಡಾ 22ರ ಬದಲು 8 ಎಂದಿಟ್ಟುಕೊಳ್ಳಿ. ಸುಸ್ತಿಯ ವಿಷಯ ಈಗಲೂ ಗೊತ್ತಿಲ್ಲ. ಉತ್ತರವೇನು? ಮಾಹಿತಿ ಸಾಲದು ಎಂದೇ ಬಹಳ ಜನ ಬರೆಯುತ್ತಾರೆ. ಆದರೆ ಯೋಚಿಸಿ. ಸ್ವಂತ ಹಣ 20ಕ್ಕಿಂತ ಕಡಿಮೆ, ಷರತ್ತು ಮುರಿಯಿತು. ವಿನಾಯಿತಿ ಕೇಳುವ 10ಕ್ಕಿಂತಲೂ ಕಡಿಮೆ, ವಿನಾಯಿತಿಯೂ ಹೋಯಿತು. ನಾಳೆ ಬೇಬಾಕಿ ಪತ್ರ ತಂದರೂ ನಾಮಂಜೂರು, ತರದಿದ್ದರೂ ನಾಮಂಜೂರು. ಗೊತ್ತಿಲ್ಲದ ಸಂಗತಿ ಯಾವ ಕಡೆಗೆ ಬಿದ್ದರೂ ತೀರ್ಮಾನ ಬದಲಾಗುವುದಿಲ್ಲ. ಹಾಗಾದರೆ ನಮಗಿರುವ ಮಾಹಿತಿ ಸಾಕು. ಅರ್ಜಿ ನಾಮಂಜೂರು.

ಇದರಿಂದ ಓದುವ ಕ್ರಮವೂ ಗೊತ್ತಾಗುತ್ತದೆ. ಮೊದಲು ತಪ್ಪು ಗುರುತುಗಳನ್ನು ಹುಡುಕಿ. ವಿನಾಯಿತಿ ಇಲ್ಲದ ತಪ್ಪಿದ್ದರೆ ಅಲ್ಲಿಗೇ ನಿಲ್ಲಿ. ವಿನಾಯಿತಿ ಇದ್ದರೆ ಅದರ ಷರತ್ತುಗಳನ್ನು ನೋಡಿ. ಅವೂ ಮುರಿದಿದ್ದರೆ ಅಲ್ಲಿಗೇ ನಿಲ್ಲಿ. ಇಷ್ಟೆಲ್ಲ ದಾಟಿದ ಮೇಲೂ ಪ್ರಶ್ನೆಯ ಗುರುತೊಂದು ಉಳಿದಿದ್ದರೆ ಮಾತ್ರ ಮಾಹಿತಿ ಸಾಲದು. ಅರ್ಜಿಯನ್ನು ಮೇಲಿಂದ ಕೆಳಕ್ಕೆ ಓದುತ್ತ ಮೊದಲ ಪ್ರಶ್ನೆಯ ಗುರುತಿಗೇ ಉತ್ತರ ಬರೆದುಬಿಡುವವರು ಅಂಕ ಕಳೆದುಕೊಳ್ಳುವುದು ಹೀಗೆ.

ಪರೀಕ್ಷೆಯ ಹಾಳೆ ಆಯಿತು. ಮಾಹಿತಿ ಇಲ್ಲದಿರುವುದು ಬೇರೆ, ಷರತ್ತು ಮುರಿದಿರುವುದು ಬೇರೆ ಎಂಬಲ್ಲಿಗೆ ಬಂದಿದ್ದೇವೆ. ಇನ್ನು ಸ್ವಲ್ಪ ಹೊತ್ತು ನಿಜವಾದ ಒಂದು ಪಟ್ಟಿಯನ್ನು ನೋಡೋಣ.

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಲ್ಲಿ ಆರಂಭವಾಯಿತು. ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕವೂ ಅದಕ್ಕೆ ಅರ್ಜಿ ಹಾಕಬಹುದು. ಸಾಲ ಕೊಡುವುದು ಬ್ಯಾಂಕು, ಸಹಾಯಧನ ಸರಕಾರದ್ದು. ಅದರ ನಿಯಮಗಳಲ್ಲಿ ವಯಸ್ಸು 18 ದಾಟಿರಬೇಕು ಎಂದಿದೆ. ಮೇಲಿನ ಗಡಿ ಹಾಕಿಲ್ಲ. ನಮ್ಮ ಬ್ಯಾಡಗಿಯ ಅರ್ಜಿದಾರರು ವಯಸ್ಸಿನ ಕಾರಣಕ್ಕೆ ಇಲ್ಲಿ ಹೊರಗುಳಿಯುವುದಿಲ್ಲ. ಮೆಣಸಿನಕಾಯಿಯನ್ನು ಪುಡಿ ಮಾಡುವುದಕ್ಕೆ ಈ ಯೋಜನೆಯಲ್ಲಿ ಅವಕಾಶವಿದೆ, ಮೆಣಸಿನ ಗಿಡ ಬೆಳೆಸುವುದಕ್ಕೆ ಇಲ್ಲ.

ಈ ಪಟ್ಟಿಯಲ್ಲಿ ವಿದ್ಯಾರ್ಹತೆಯ ನಿಯಮ ಕೇಳಿದವರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ತಯಾರಿಕೆಯ ಘಟಕಕ್ಕೆ 10 ಲಕ್ಷಕ್ಕಿಂತ ಹೆಚ್ಚು ವೆಚ್ಚವಾಗುವುದಿದ್ದರೆ 8ನೇ ತರಗತಿ ಪಾಸಾಗಿರಬೇಕು. 10 ಲಕ್ಷದವರೆಗೆ ಆ ಷರತ್ತೇ ಇಲ್ಲ. 7ನೇ ತರಗತಿಗೆ ಶಾಲೆ ಬಿಟ್ಟ ಹೆಣ್ಣುಮಗಳೊಬ್ಬಳು 12 ಲಕ್ಷದ ಖಾರಪುಡಿ ಘಟಕಕ್ಕೆ ಅರ್ಜಿ ಹಾಕಿದರೆ ಅನರ್ಹ. ಅದೇ ಹೆಣ್ಣುಮಗಳು ಒಂದು ಯಂತ್ರ ಕಡಿಮೆ ಮಾಡಿ 9 ಲಕ್ಷದ ಘಟಕ ಎಂದರೆ ವಿದ್ಯಾರ್ಹತೆಯ ಮಾತೇ ಏಳುವುದಿಲ್ಲ. '8ನೇ ತರಗತಿ ಪಾಸಾದವರಿಗೆ ಮಾತ್ರ ಸಾಲ' ಎಂದು ಯಾರೋ ಹೇಳಿದ್ದನ್ನು ಕೇಳಿ ಅವಳು ಅರ್ಜಿಯನ್ನೇ ಹಾಕದೆ ಕೂತರೆ ಅದು ಬಹಳ ಸಂಕಟದ ಸಂಗತಿ. ಷರತ್ತಿನ ಒಳಗೇ ಒಂದು 'ಇದ್ದರೆ' ಕೂತಿದೆ. ಮೊದಲು ಅದು ತನಗೆ ಅನ್ವಯಿಸುತ್ತದೆಯೇ ಎಂದು ನೋಡಬೇಕು. ಆಮೇಲೆ ತಾನು ಅದನ್ನು ಪೂರೈಸಿದ್ದೇನೆಯೇ ಎಂದು.

ಇನ್ನೊಂದು ನಿಯಮ, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಎನ್ನುವುದು. ನಮ್ಮ ಕಡೆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರುವುದು ಇಂದಿಗೂ ಇದೆ. ಅಣ್ಣನಿಗೆ ಈ ಯೋಜನೆಯಲ್ಲಿ ಸಾಲ ಸಿಕ್ಕಿದೆ, ತಮ್ಮ ಅರ್ಜಿ ಹಾಕಬಹುದೇ? ಹಾಕಬಹುದು. ಇಲ್ಲಿ ಕುಟುಂಬ ಎಂದರೆ ಅರ್ಜಿದಾರರು ಮತ್ತು ಅವರ ಗಂಡ ಅಥವಾ ಹೆಂಡತಿ. ಅಣ್ಣನ ಹೆಂಡತಿ ಹಾಕಿದರೆ ಮಾತ್ರ ಅನರ್ಹ. ಪಟ್ಟಿಯಲ್ಲಿ ಕೊಟ್ಟ ಅರ್ಥವನ್ನು ಬಿಟ್ಟು ಮನೆಯ ರೂಢಿಯ ಅರ್ಥ ಹಿಡಿದರೆ ಅರ್ಹರೇ ಹಿಂದೆ ಸರಿಯುತ್ತಾರೆ.

ಪರೀಕ್ಷೆಗೂ ಬ್ಯಾಂಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪರೀಕ್ಷೆಯಲ್ಲಿ ಎಲ್ಲ ಷರತ್ತು ಪೂರೈಸಿದರೆ ಮಂಜೂರು, ಅಷ್ಟೇ. ಬ್ಯಾಂಕಿನಲ್ಲಿ ಅರ್ಹತೆಯ ಪಟ್ಟಿ ದಾಟಿದ ಮೇಲೂ ವ್ಯವಹಾರ ನಡೆದೀತೇ, ಕಂತು ಕಟ್ಟಲಾದೀತೇ, ಹಿಂದಿನ ಸಾಲಗಳ ನಡವಳಿಕೆ ಹೇಗಿದೆ ಎಂದು ನೋಡುತ್ತಾರೆ. ಅರ್ಹರಾದವರಿಗೂ ಸಾಲ ಸಿಗದೇ ಹೋಗಬಹುದು. ಆದರೆ ಏಕೆ ಸಿಗಲಿಲ್ಲ ಎಂದು ತಿಳಿಯುವ ದಾರಿ ಇದೆ. ರಿಸರ್ವ್ ಬ್ಯಾಂಕು 2003ರಲ್ಲಿ ಬ್ಯಾಂಕುಗಳಿಗೆ ನ್ಯಾಯಯುತ ನಡವಳಿಕೆಯ ಮಾರ್ಗಸೂಚಿ ಕೊಟ್ಟಿತು. 2 ಲಕ್ಷದವರೆಗಿನ ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರೆದು ತಿಳಿಸಬೇಕು ಎಂದಿತು. 2007ರಲ್ಲಿ ಅದನ್ನು ಮೊತ್ತದ ಮಿತಿ ಇಲ್ಲದೆ ಎಲ್ಲ ಸಾಲಕ್ಕೂ ವಿಸ್ತರಿಸಿತು. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯುವುದಕ್ಕೂ ಆ ಮಾರ್ಗಸೂಚಿಯಲ್ಲಿ ಜಾಗ ಇದೆ.

ತಿರಸ್ಕಾರದ ಕಾರಣ ಬರೆದ ಪತ್ರ ಕೈಗೆ ಬಂದಾಗ ನಮ್ಮ ಮೂರು ಗುರುತುಗಳನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಬರೆದಿರುವ ಕಾರಣ ಯಾವ ಜಾತಿಯದು? ಬೇಬಾಕಿ ಪತ್ರ ಇಲ್ಲ, ಉತಾರ ಹಳೆಯದು, ಯಂತ್ರದ ದರಪಟ್ಟಿ ಇಲ್ಲ ಎಂದಿದ್ದರೆ ಅದು ಪ್ರಶ್ನೆಯ ಗುರುತು. ಕಾಗದ ತಂದುಕೊಟ್ಟು ಮತ್ತೆ ನೋಡಿ ಎಂದು ಕೇಳಬಹುದು. ಸುಸ್ತಿ ಇದೆ, ಯೋಜನೆ ಹೊಸ ಘಟಕಕ್ಕೆ ಮಾತ್ರ, ಇದು ಹೊಸದಲ್ಲ ಎಂದಿದ್ದರೆ ಅದು ತಪ್ಪು ಗುರುತು. ಸುಸ್ತಿಯಾದರೆ ಬಾಕಿ ಕಟ್ಟಿದ ಮೇಲೆ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಹಳೆಯ ಘಟಕವೇ ಆಗಿದ್ದರೆ ಬೇರೆ ಯೋಜನೆ ಹುಡುಕಬೇಕಾಗುತ್ತದೆ. ಕಾಗದದ ಕೊರತೆಗೆ ಅನರ್ಹ ಎಂದು ಬರೆದಿದ್ದರೆ, ಯಾವ ಷರತ್ತು ಮುರಿದಿದೆ ಎಂದು ಬರಹದಲ್ಲಿಯೇ ಕೇಳಿ.

ಕೊನೆಗೆ ಒಂದು ಅರ್ಜಿ ನಿಮಗೆ ಬಿಡುತ್ತೇನೆ. ಮೊದಲಿನ ಖಾರಪುಡಿ ಗಿರಣಿಯ ಷರತ್ತುಗಳೇ. ಕಾಗಿನೆಲೆಯ ಅರ್ಜಿದಾರರು. ವಯಸ್ಸು 36. ಗಿರಣಿಯಲ್ಲಿ 1 ವರ್ಷದ ಅನುಭವ. ತರಬೇತಿ ಪ್ರಮಾಣಪತ್ರ ಇದೆ. ವೆಚ್ಚ 10 ಲಕ್ಷ, ಸ್ವಂತ ಹಣ ಒಂದೂವರೆ ಲಕ್ಷ. ಅಡವಿಗೆ 20 ಲಕ್ಷದ ಆಸ್ತಿ. ಸುಸ್ತಿ ಇಲ್ಲ. ಸ್ವಲ್ಪ ನಿಂತು ಯೋಚಿಸಿ.

ಅನುಭವದಲ್ಲಿ ತಪ್ಪು ಗುರುತು, ಅದರ ವಿನಾಯಿತಿಗೆ ಬೇಕಾದ ಪ್ರಮಾಣಪತ್ರ ಇದೆ. ಸ್ವಂತ ಹಣದಲ್ಲೂ ತಪ್ಪು ಗುರುತು, ಅದರ ವಿನಾಯಿತಿಗೆ ಬೇಕಾದ ಆಸ್ತಿ ಇದೆ. ಎರಡು ವಿನಾಯಿತಿಯನ್ನೂ ಜೋಡಿಸಿ ಮೇಲಕ್ಕೆ ಕಳಿಸಬಹುದು ಅನ್ನಿಸುತ್ತದೆ. ಆದರೆ ಪ್ರತಿಯೊಂದು ವಿನಾಯಿತಿಯೂ ತನ್ನದೊಂದನ್ನು ಬಿಟ್ಟು ಉಳಿದೆಲ್ಲ ಷರತ್ತು ಪೂರೈಸಿರಬೇಕು ಎಂದು ಹೇಳಿತ್ತು. ಇಲ್ಲಿ ಎರಡು ಮುರಿದಿವೆ. ಆದ್ದರಿಂದ ಯಾವ ವಿನಾಯಿತಿಯೂ ಸಲ್ಲುವುದಿಲ್ಲ. ಅರ್ಜಿ ನಾಮಂಜೂರು. ಅವರು ಇನ್ನು 50 ಸಾವಿರ ಹೊಂದಿಸಿ ಸ್ವಂತ ಹಣವನ್ನು 2 ಲಕ್ಷಕ್ಕೆ ಏರಿಸಿದರೆ ಒಂದೇ ತಪ್ಪು ಗುರುತು ಉಳಿಯುತ್ತದೆ, ಅರ್ಜಿ ಶಾಖಾ ವ್ಯವಸ್ಥಾಪಕರ ಮೇಜಿಗೆ ಹೋಗುತ್ತದೆ.